ಹಳದಿಯಾದ ಬಿಳಿ ಪ್ಲಾಸ್ಟಿಕ್ ಮತ್ತೆ ಬೆಳ್ಳಗಾಗುತ್ತದೆಯೇ? ಫ್ರಿಜ್ ರ್‍ಯಾಕು, ಮಿಕ್ಸರ್, ಸ್ವಿಚ್‌ಬೋರ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳಿಂದ ಬರುವ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ. ಹೆಚ್ಚಿನ ಉತ್ತರಗಳು ಫ್ರಿಜ್ಜಿನ ಬಾಗಿಲಿನ ರ್‍ಯಾಕಿನ ಸುತ್ತಲೇ ಇವೆ. ಬಿಚ್ಚಿ ತೆಗೆಯಲು, ನೀರಲ್ಲಿ ಮುಳುಗಿಸಲು ಬರುವ ವಸ್ತು ಅದು. ಅದನ್ನು ಸರಿಯಾಗಿ ಮಾಡಲು ಬಂದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಉಜ್ಜಿ ಉಜ್ಜಿ ಕೈ ಸೋತ್ವು, ಹಳದಿ ಹೋಗವಲ್ದು. ಇದು ಹೊಲಸೋ, ಪ್ಲಾಸ್ಟಿಕ್ಕೇ ಕೆಟ್ಟದ್ದೋ?

ಮೊದಲು ಇದನ್ನೇ ತೀರ್ಮಾನಿಸಬೇಕು, ಏಕೆಂದರೆ ಹಳದಿಯಲ್ಲಿ ಮೂರು ಬಗೆ ಇವೆ.

ಒಂದು, ಒಗ್ಗರಣೆಯ ಹೊಗೆ ಮತ್ತು ಎಣ್ಣೆ ಕೂತು ಆದ ಜಿಡ್ಡು. ಉಗುರಿನಿಂದ ಕೆರೆದರೆ ಉಗುರಿಗೆ ಅಂಟುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆ ಹಲ್ಲುಜ್ಜುವ ಬ್ರಷ್ ಇದ್ದರೆ ಸಾಕು.

ಎರಡು, ಅರಿಸಿನದ ಕಲೆ. ಸೋಪಿನ ನೀರು ಬಿದ್ದ ಕೂಡಲೇ ಅದು ಕೆಂಪಗೆ ತಿರುಗಿದರೆ ಅರಿಸಿನವೇ ಎಂದು ತಿಳಿಯಿರಿ. ಅದಕ್ಕೆ ಔಷಧವೂ ಬೇಡ. ಅರಿಸಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ತೊಳೆದು ಒಂದೆರಡು ದಿನ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಹೋಗುತ್ತದೆ.

ಮೂರು, ಪ್ಲಾಸ್ಟಿಕ್ಕಿನ ಮೇಲ್ಪದರವೇ ಹಳದಿಯಾದದ್ದು. ರ್‍ಯಾಕನ್ನು ಬಿಚ್ಚಿ ಬೆನ್ನಿನ ಕಡೆ ನೋಡಿ. ಬಾಗಿಲಿನ ಗೂಟ ಕೂರುವ ತೂತಿನ ಸುತ್ತ, ಬೆಳಕು ಗಾಳಿ ಅಷ್ಟಾಗಿ ತಾಗದ ಕಡೆ, ಹಾಲಿನಂಥ ಬಿಳುಪು ಉಳಿದಿದ್ದು, ಮುಂದಿನ ಭಾಗ ಬೆಣ್ಣೆಯ ಬಣ್ಣಕ್ಕೋ ತುಪ್ಪದ ಬಣ್ಣಕ್ಕೋ ತಿರುಗಿದ್ದರೆ ಇದು ಮೂರನೆಯ ಬಗೆ. ಈ ಪುಟ ಇರುವುದು ಅದಕ್ಕಾಗಿ. ಆ ಬೆನ್ನಿನ ಬಿಳುಪನ್ನು ನೆನಪಿಟ್ಟುಕೊಳ್ಳಿ. ಕೆಲಸ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅದೇ ಅಳತೆ.

ಫ್ರಿಜ್ಜಿನ ಒಳಗ ಬಿಸಿಲೇ ಬೀಳಂಗಿಲ್ಲ, ಆದ್ರೂ ಯಾಕ ಹಳದಿ ಆಗ್ತದ?

ಬಿಸಿಲು ಈ ಕೆಲಸವನ್ನು ಚುರುಕುಗೊಳಿಸುತ್ತದೆ, ಅಷ್ಟೆ. ನಿಜವಾಗಿ ಹಳದಿ ತರುವುದು ಗಾಳಿಯ ಆಮ್ಲಜನಕ. ಫ್ರಿಜ್ಜಿನ ರ್‍ಯಾಕು, ಒಳಗೋಡೆಗಳಿಗೆ ಸಾಮಾನ್ಯವಾಗಿ ಬಳಸುವುದು ಎಬಿಎಸ್ ಅಥವಾ ಹಿಪ್ಸ್ ಎಂಬ ಪ್ಲಾಸ್ಟಿಕ್. ಎರಡೂ ಸ್ಟೈರೀನಿನಿಂದ ಆದವು. ಸ್ಟೈರೀನ್ ಒಂದೇ ಆದರೆ ಬಿಸ್ಕತ್ತಿನಂತೆ ಪಟಕ್ಕನೆ ಮುರಿಯುತ್ತದೆ, ಅದಕ್ಕೇ ಬ್ಯೂಟಡೈಯೀನ್ ಎಂಬ ರಬ್ಬರಿನ ಅಂಶ ಬೆರೆಸಿರುತ್ತಾರೆ. ಬಿದ್ದರೂ ಒಡೆಯದ ಗುಣ ಬರುವುದು ಆ ರಬ್ಬರಿನಿಂದ, ಹಳದಿಯಾಗುವ ರೋಗ ಬರುವುದೂ ಅದರಿಂದಲೇ. ರಬ್ಬರಿನ ಸರಪಳಿಗೆ ಆಮ್ಲಜನಕ ಹತ್ತಿಕೊಂಡಂತೆಲ್ಲ ನೀಲಿ ಬೆಳಕನ್ನು ಹೀರುವ ಹೊಸ ಕೊಂಡಿಗಳು ಹುಟ್ಟುತ್ತವೆ. ನೀಲಿ ಕಳೆದು ಉಳಿದ ಬೆಳಕು ಕಣ್ಣಿಗೆ ಹಳದಿ. ಕತ್ತಲಲ್ಲೂ ಇದು ನಿಧಾನವಾಗಿ ನಡೆಯುತ್ತದೆ. ಒಲೆಯ ಕಾವು, ಕಿಟಕಿಯ ಬೆಳಕು ಸೇರಿದರೆ ಬೇಗ.

ಈ ಬದಲಾವಣೆ ಹೆಚ್ಚಾಗಿ ತೆಳುವಾದ ಮೇಲ್ಪದರದಲ್ಲೇ ಇರುತ್ತದೆ. ಆ ಬಣ್ಣದ ಕೊಂಡಿಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಬೆಳಕಿನ ಸಹಾಯದಿಂದ ಮುರಿಯಬಲ್ಲದು. ಹಳೆಯ ಕಂಪ್ಯೂಟರುಗಳ ಗೀಳಿನವರು 2008ರ ಹೊತ್ತಿಗೆ ಈ ಉಪಾಯವನ್ನು ಪ್ರಚಾರಕ್ಕೆ ತಂದರು. ಬಣ್ಣ ಹೋಗುತ್ತದೆ ನಿಜ, ಆದರೆ ಸವೆದ ರಬ್ಬರು ಮರಳಿ ಬರುವುದಿಲ್ಲ. ಮುಟ್ಟಿದರೆ ಪುಡಿಯಾಗುವ ರ್‍ಯಾಕು ಬೆಳ್ಳಗಾದ ಮೇಲೂ ಪುಡಿಯಾಗುವ ರ್‍ಯಾಕೇ.

ನಮ್ಮದು ಯಾವ ಪ್ಲಾಸ್ಟಿಕ್ ಅಂತ ಹ್ಯಾಂಗ ಗೊತ್ತಾಗಬೇಕ್ರಿ?

ಬೆನ್ನಿನ ಕಡೆ ಸಣ್ಣ ಅಚ್ಚಿನ ಗುರುತು ಹುಡುಕಿ. ಎಬಿಎಸ್, ಪಿಎಸ್ ಅಥವಾ ಹಿಪ್ಸ್ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮುಂದುವರಿಯಬಹುದು.

ಗುರುತು ಇಲ್ಲದಿದ್ದರೆ ಉಪ್ಪುನೀರಿನ ಪರೀಕ್ಷೆ ಇದೆ. ಕಾಣದ ಮೂಲೆಯಿಂದ ಜೋಳದ ಕಾಳಿನಷ್ಟು ಚೂರು ಕತ್ತರಿಸಿಕೊಳ್ಳಿ. ಒಂದು ಲೋಟದಲ್ಲಿ ಬರೀ ನೀರು. ಇನ್ನೊಂದರಲ್ಲಿ 100 ಮಿ.ಲೀ. ನೀರಿಗೆ ಸುಮಾರು 35 ಗ್ರಾಂ, ಅಂದರೆ ಎರಡು ದೊಡ್ಡ ಚಮಚ ತುಂಬ ಉಪ್ಪು ಹಾಕಿ ಕರಗಿಸಿ. ಎರಡಕ್ಕೂ ಒಂದೊಂದು ಹನಿ ಸೋಪು ಬಿಡಿ, ಇಲ್ಲದಿದ್ದರೆ ಗಾಳಿಗುಳ್ಳೆ ಹಿಡಿದುಕೊಂಡು ಮುಳುಗಬೇಕಾದ ಚೂರೂ ತೇಲುತ್ತದೆ. ಬರೀ ನೀರಲ್ಲಿ ಮುಳುಗಿ ಉಪ್ಪುನೀರಲ್ಲಿ ತೇಲಿದರೆ ಎಬಿಎಸ್ ಅಥವಾ ಹಿಪ್ಸ್ ಇರಬೇಕು. ಎರಡರಲ್ಲೂ ತೇಲಿದರೆ ಪಾಲಿಪ್ರೊಪಿಲೀನ್ ಜಾತಿಯದು, ಅದಕ್ಕೆ ಈ ಚಿಕಿತ್ಸೆಯಿಂದ ಹೆಚ್ಚು ಲಾಭವಿಲ್ಲ. ಎರಡರಲ್ಲೂ ನೆಟ್ಟಗೆ ತಳ ಸೇರಿದರೆ ಪಿವಿಸಿ ಅಥವಾ ಹಳೆ ಸ್ವಿಚ್ಚುಗಳ ಗಟ್ಟಿ ಪ್ಲಾಸ್ಟಿಕ್, ಅಲ್ಲಿಗೆ ಬಿಟ್ಟುಬಿಡಿ.

ಏನು ತರಬೇಕು, ಎಲ್ಲಿ ಸಿಗ್ತದ?

ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬಾಟಲಿಯ ಮೇಲೆ 6% ಅಥವಾ 20 ವಾಲ್ಯೂಮ್ ಎಂದಿರಬೇಕು, ಎರಡೂ ಒಂದೇ. 10 ವಾಲ್ಯೂಮ್ ಎಂದರೆ 3%, ಅದೂ ನಡೆಯುತ್ತದೆ, ಆದರೆ ಅದಕ್ಕೆ ಮತ್ತೆ ನೀರು ಬೆರೆಸಬೇಡಿ. ಪ್ರಯೋಗಶಾಲೆಯ ಸಾಮಾನು ಮಾರುವವರಲ್ಲಿ 30%, 50% ದ್ರಾವಣವೂ ಸಿಗುತ್ತದೆ. ನೀರು ಬೆರೆಸಿಕೊಂಡರೆ ಅಗ್ಗ ಎಂಬ ಲೆಕ್ಕ ಹಾಕಬೇಡಿ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು, ಅರಿವೆ ಕಾಗದಕ್ಕೆ ತಾಗಿದರೆ ಬೆಂಕಿ ಹತ್ತಬಹುದು.

ಹಳೇ ಸ್ಟಾಕಿನ ಪೆರಾಕ್ಸೈಡ್ ಬಾಟಲಿಯಲ್ಲೇ ಸತ್ತಿರುತ್ತದೆ. ಹಸಿ ಆಲೂಗಡ್ಡೆ ಕೊಯ್ದು ಅದರ ಮೇಲೆ ಎರಡು ಹನಿ ಹಾಕಿ. ನೊರೆ ಉಕ್ಕಿದರೆ ಜೀವ ಇದೆ. ಸುಮ್ಮನಿದ್ದರೆ ಅಂಗಡಿಗೆ ವಾಪಸ್.

ಇದರ ಜೊತೆಗೆ ಗಟ್ಟಿ ಪಾರದರ್ಶಕ ಪಾಲಿಥೀನ್ ಚೀಲ, ಅದು ಕೂರುವಷ್ಟು ದೊಡ್ಡ ಪ್ಲಾಸ್ಟಿಕ್ ಟಬ್ಬು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಬೆರಳಿಗೆ ತಾಗಿದರೆ ಚರ್ಮ ಸುಣ್ಣ ಬಳಿದಂತೆ ಬಿಳಿಚಿಕೊಂಡು ಚುಚ್ಚುತ್ತದೆ. ಕೂಡಲೇ ನೀರಲ್ಲಿ ತೊಳೆಯಿರಿ.

ಫ್ರಿಜ್ಜಿನ ಬಾಗಿಲ ರ್‍ಯಾಕು ಹಂತಹಂತವಾಗಿ ಹ್ಯಾಂಗ ಮಾಡೋದು?

45 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ, ಹಾಲು ನೀರಿನ ಬಾಟಲಿ ನಿಲ್ಲಿಸುವ ರ್‍ಯಾಕು ಎಂದಿಟ್ಟುಕೊಳ್ಳಿ. ಬಣ್ಣ ತುಪ್ಪದ್ದು. ತಿಂಗಳು ಫೆಬ್ರುವರಿ, ಊರು ವಿಜಯಪುರ.

ಮೊದಲ ದಿನ ತೊಳೆಯುವುದಷ್ಟೇ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬ್ರಷ್ಷಿನಿಂದ ಮೂಲೆಗಳನ್ನು ತಿಕ್ಕಿ. ಜಿಡ್ಡು ಉಳಿದ ಕಡೆ ಪೆರಾಕ್ಸೈಡ್ ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಇಲ್ಲ. ಆಮೇಲೆ ಬೆರಳಿನ ಗುರುತು ಸಹ ಹಳದಿ ಮಚ್ಚೆಯಾಗಿ ಎದ್ದು ಕಾಣುತ್ತದೆ. ಸ್ಟಿಕ್ಕರ್ ಕಿತ್ತು ಅಂಟನ್ನು ಕೊಬ್ಬರಿ ಎಣ್ಣೆಯಿಂದ ತೆಗೆದು, ಆ ಎಣ್ಣೆಯನ್ನೂ ಸೋಪಿನಿಂದ ಪೂರ್ತಿ ತೊಳೆಯಿರಿ. ಎಣ್ಣೆ ಕೂತಲ್ಲೇ ಹಿಪ್ಸ್ ಬಿರುಕು ಬಿಡುತ್ತದೆ. ಕಬ್ಬಿಣದ ತಂತಿ, ಸ್ಪ್ರಿಂಗು, ಹೊಳಪಿನ ಪಟ್ಟಿ ಇದ್ದರೆ ಬಿಚ್ಚಿಡಿ. ಬೋರಿನ ನೀರಲ್ಲಿ ತೊಳೆದಿದ್ದರೆ ಕೊನೆಗೊಮ್ಮೆ ಫಿಲ್ಟರ್ ನೀರು ಹಾಯಿಸಿ. ನೀರಿನ ತುಕ್ಕಿನಂಶ ಪೆರಾಕ್ಸೈಡನ್ನು ವ್ಯರ್ಥವಾಗಿ ಉಕ್ಕಿಸಿ ಮುಗಿಸಿಬಿಡುತ್ತದೆ.

ಎರಡನೆಯ ದಿನ ಬೆಳಗ್ಗೆ ಒಂಬತ್ತೂವರೆಗೆ ಟಬ್ಬಿನಲ್ಲಿ ಚೀಲ ಹಾಸಿ, ಅದರೊಳಗೆ ರ್‍ಯಾಕನ್ನು ಮುಂಭಾಗ ಮೇಲೆ ಬರುವಂತೆ ಮಲಗಿಸಿ. ಒಂದು ಲೀಟರ್ 6% ದ್ರಾವಣಕ್ಕೆ ಒಂದು ಲೀಟರ್ ಫಿಲ್ಟರ್ ನೀರು ಬೆರೆಸಿ ಹಾಕಿ. ಎರಡು ಲೀಟರ್ ಆಯಿತು, ಬಲ 3%. ಬರೀ ಟಬ್ಬಿನಲ್ಲಾದರೆ ರ್‍ಯಾಕು ಮುಳುಗಲು ಹತ್ತು ಲೀಟರ್ ಬೇಕಾದೀತು. ಚೀಲದ ಬಾಯಿ ಎತ್ತಿ ಹಿಡಿದು, ಹೊರಗಿನಿಂದ ಒತ್ತುತ್ತ ಗಾಳಿ ಹೊರಡಿಸಿದರೆ ದ್ರಾವಣ ತಾನೇ ರ್‍ಯಾಕಿನ ಸುತ್ತ ಏರಿ ಮುಚ್ಚುತ್ತದೆ. ಚೀಲದ ಹೊರಗೆ ಟಬ್ಬಿನಲ್ಲಿ ಬರೀ ನೀರು ತುಂಬಿದರೆ ಆ ಒತ್ತಡವೇ ಈ ಕೆಲಸ ಮಾಡಿಕೊಡುತ್ತದೆ, ಕಾವೂ ಹತೋಟಿಯಲ್ಲಿರುತ್ತದೆ. ಚೀಲದ ಬಾಯಿಯನ್ನು ಮಡಚಿ ಬಟ್ಟೆ ಕ್ಲಿಪ್ಪು ಹಾಕಿ, ಗಂಟು ಮಾತ್ರ ಬಿಗಿಯಬೇಡಿ. ಒಳಗೆ ಆಮ್ಲಜನಕ ಹುಟ್ಟುತ್ತಲೇ ಇರುತ್ತದೆ, ಹೋಗಲು ದಾರಿ ಬೇಕು. ಹಾಗೆ ಇಟ್ಟ ಟಬ್ಬಿನ ಹತ್ತಿರ ಮಕ್ಕಳು, ದನಕರು ಸುಳಿಯದಂತೆ ನೋಡಿಕೊಳ್ಳಿ.

ಹತ್ತು ನಿಮಿಷದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಸಾಬುದಾಣಿ ಚೆಲ್ಲಿದಂತೆ ಗುಳ್ಳೆಗಳು ಕೂರುತ್ತವೆ. ನೋಡಲು ಚೆಂದ, ಕೆಲಸಕ್ಕೆ ಕೆಡುಕು. ಗುಳ್ಳೆ ಕೂತಲ್ಲಿ ದ್ರಾವಣ ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಚೀಲದ ಹೊರಗಿನಿಂದ ತಟ್ಟಿ ಗುಳ್ಳೆ ಬಿಡಿಸಿ, ಗಂಟೆಗೊಮ್ಮೆ ರ್‍ಯಾಕನ್ನು ಮಗ್ಗುಲು ತಿರುಗಿಸಿ, ನೆರಳು ಬೀಳುವ ಒಳಮೂಲೆಗಳನ್ನು ಸೂರ್ಯನ ಕಡೆ ತನ್ನಿ.

ಮೊದಲ ಎರಡು ಗಂಟೆ ಏನೂ ಆಗಿಲ್ಲ ಎನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ತುಪ್ಪದ ಬಣ್ಣ ಬೆಣ್ಣೆಗೆ ಇಳಿಯುತ್ತದೆ. ಸಂಜೆ ನಾಲ್ಕಕ್ಕೆ ತೆಗೆದು, ತೊಳೆದು, ಒರೆಸಿ, ನೆರಳಲ್ಲಿ ಬಿಳಿ ಕಾಗದದ ಪಕ್ಕ ಇಟ್ಟು ಬೆನ್ನಿನ ಬಿಳುಪಿಗೆ ಹೋಲಿಸಿ. ಬಿಸಿಲಲ್ಲೇ ನಿಂತು ನೋಡಿದರೆ ಎಲ್ಲವೂ ಬೆಳ್ಳಗೇ ಕಾಣುತ್ತದೆ. ಸಾಲದಿದ್ದರೆ ಮಾರನೆಯ ದಿನ ಮತ್ತೆ ಇಡಿ. ಆಲೂಗಡ್ಡೆ ಪರೀಕ್ಷೆಯಲ್ಲಿ ನೊರೆ ಕಡಿಮೆಯಾಗಿದ್ದರೆ ಹೊಸ ದ್ರಾವಣ ಹಾಕಿ. ಗಾಢ ಹಳದಿಗೆ ಎರಡು ಮೂರು ದಿನ ಹಿಡಿಯುತ್ತದೆ. ಬೆನ್ನಿಗಿಂತ ಕೂದಲೆಳೆಯಷ್ಟು ಕಡಿಮೆ ಬಿಳುಪು ಇರುವಾಗಲೇ ನಿಲ್ಲಿಸುವುದು ಜಾಣತನ. ಬಿಳಿಯನ್ನು ಕಡೆಯವರೆಗೂ ಬೆನ್ನಟ್ಟಿದವರು ಮೇಲ್ಪದರವನ್ನು ಪುಡಿ ಮಾಡಿಕೊಳ್ಳುತ್ತಾರೆ.

ಬಿಳಿ ಆತು, ಆದ್ರ ಮೋಡ ಹಾಸಿದಂಗ ಪಟ್ಟಿ ಪಟ್ಟಿ ಬಂದಾವು. ಯಾಕ?

ಇದು ಸಾಮಾನ್ಯವಾಗಿ ಮುಳುಗಿಸುವ ಬದಲು ಪೆರಾಕ್ಸೈಡ್ ಇರುವ ಕ್ರೀಮ್ ಹಚ್ಚಿದವರ ದೂರು. ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಸುಕ್ಕು ಇದ್ದ ಕಡೆ, ಕ್ರೀಮ್ ಒಣಗಿದ ಕಡೆ, ತೆಳ್ಳಗೆ ಹಚ್ಚಿದ ಕಡೆ ಬೇರೆ ಬೇರೆ ವೇಗದಲ್ಲಿ ಬಣ್ಣ ಹೋಗಿರುತ್ತದೆ. ಮುಳುಗಿಸಿ ಮಾಡಿದ್ದರಲ್ಲೂ ಪಟ್ಟಿ ಬಂದರೆ ದ್ರಾವಣದ ಮೇಲೆ ಒಂದು ಅಂಚು ಹೊರಚಾಚಿತ್ತು ಎಂದರ್ಥ. ನೀರಿನ ಮಟ್ಟದ ಗೆರೆ ಹಾಗೇ ಅಚ್ಚೊತ್ತಿದಂತೆ ಉಳಿಯುತ್ತದೆ.

ಹಳದಿ ಉಳಿದ ಪಟ್ಟಿಯಾದರೆ ಪೂರ್ತಿ ವಸ್ತುವನ್ನು ಮತ್ತೆ ಮುಳುಗಿಸಿಟ್ಟರೆ ಬಹುಮಟ್ಟಿಗೆ ಸಮವಾಗುತ್ತದೆ. ಪಟ್ಟಿಗೆ ಮಾತ್ರ ಹಚ್ಚಲು ಹೋಗಬೇಡಿ, ಅದರ ಸುತ್ತ ಇನ್ನೊಂದು ಗೆರೆ ಹುಟ್ಟುತ್ತದೆ. ಸೀಮೆಸುಣ್ಣದಂತೆ ಬಿಳಿಚಿ, ಕೈಯಾಡಿಸಿದರೆ ಒರಟಾಗಿರುವ ಪಟ್ಟಿಯಾದರೆ ಅದು ಅತಿಯಾದದ್ದು. ಆ ಪದರ ಕೆಟ್ಟಿದೆ, ಪೆರಾಕ್ಸೈಡಿನಿಂದ ಅದು ಸರಿಹೋಗುವುದಿಲ್ಲ.

ನಮ್ಮ ಬ್ಯಾಸಗಿ ಬಿಸಲಾಗ ಇಟ್ರ ಬೇಗ ಆಗೂದಿಲ್ಲೇನ್ರಿ?

ಬೇಗ ಆಗುತ್ತದೆ, ಕೆಡುವುದೂ ಬೇಗ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟುವ ವಿಜಯಪುರ, ಬಾಗಲಕೋಟೆಯ ಮಾಳಿಗೆಯ ಮೇಲೆ ಟಬ್ಬಿನ ಕಾವು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಪೆರಾಕ್ಸೈಡ್ ಅವಸರದಲ್ಲಿ ಒಡೆದು ಮುಗಿಯುತ್ತದೆ, ಒತ್ತಿಟ್ಟ ಹಿಪ್ಸ್ ರ್‍ಯಾಕು ಬಾಗಲೂಬಹುದು. ಬಾಗಿದ ರ್‍ಯಾಕು ಗೂಟಕ್ಕೆ ಕೂರುವುದಿಲ್ಲ. ಆ ಕಾಲದಲ್ಲಿ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಇಟ್ಟು ತೆಗೆಯಿರಿ. ಕರಿ ಟಬ್ಬು ಬೇಡವೇ ಬೇಡ. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಬಿಸಿಲೇ ಇದಕ್ಕೆ ಹೇಳಿ ಮಾಡಿಸಿದ್ದು.

ಬೆಳಗಾವಿಯವರ ಕಷ್ಟ ಇನ್ನೊಂದು. ಜೂನ್‌ನಿಂದ ಮಳೆ, ಮೋಡ. ಮೋಡದೊಳಗಿಂದಲೂ ಅತಿನೇರಳೆ ಕಿರಣ ಬರುವುದರಿಂದ ಕೆಲಸ ನಡೆಯುತ್ತದೆ, ಆದರೆ ಒಂದು ದಿನದ್ದು ಮೂರು ನಾಲ್ಕು ದಿನಕ್ಕೆ ಹೋಗುತ್ತದೆ. ಅವಸರವಿಲ್ಲದಿದ್ದರೆ ದಸರೆಯವರೆಗೆ ಕಾಯುವುದೇ ಲೇಸು.

ಮಿಕ್ಸರ್ ನೀರಾಗ ಮುಳುಗಿಸಾಕ ಬರಂಗಿಲ್ಲಲ್ಲ?

ಬರುವುದಿಲ್ಲ. ತಳದ ಸ್ಕ್ರೂ ಬಿಚ್ಚಿ ಮೋಟರು, ಸ್ವಿಚ್ಚು, ವೈರು ಎಲ್ಲ ಹೊರತೆಗೆದು ಬರೀ ಕವಚ ಉಳಿಸಿಕೊಳ್ಳಲು ಬಂದರೆ ರ್‍ಯಾಕಿನಂತೆಯೇ ಮಾಡಿ. ಜೋಡಿಸುವುದು ಗೊತ್ತಿಲ್ಲದಿದ್ದರೆ ರಿಪೇರಿಯವರ ಕೈಯಲ್ಲಿ ಬಿಚ್ಚಿಸಿ.

ಬಿಚ್ಚಲಾಗದ್ದಕ್ಕೆ ಕ್ರೀಮ್. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಾಕುವಾಗ ಬೆರೆಸುವ ಡೆವಲಪರ್ ಕ್ರೀಮ್ ಸಿಗುತ್ತದೆ. ಅದರಲ್ಲಿರುವುದೂ ಪೆರಾಕ್ಸೈಡೇ, 40 ವಾಲ್ಯೂಮ್ ಎಂದರೆ 12%. ಒಂದು ಮಿಕ್ಸರಿಗೆ ಒಂದು ಸಲ ಒಂದೂವರೆ ಮಿಲಿಮೀಟರ್ ದಪ್ಪ ಹಚ್ಚಲು ಸುಮಾರು 150 ಮಿ.ಲೀ. ಬೇಕು. ಗಾಳಿಕಿಂಡಿ, ಸ್ವಿಚ್ಚಿನ ಸುತ್ತ, ಅಕ್ಷರ ಬರೆದ ಜಾಗಗಳಿಗೆ ಟೇಪು ಹಚ್ಚಿ ಮುಚ್ಚಿ; ಅಚ್ಚಾದ ಬಣ್ಣವೂ ಪೆರಾಕ್ಸೈಡಿಗೆ ಮಸುಕಾಗುತ್ತದೆ. ಬ್ರಷ್ಷಿನಿಂದ ಹಚ್ಚಿ ಸುಕ್ಕಿಲ್ಲದಂತೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಳಿಬಿಸಿಲಲ್ಲಿಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಹಾಳೆಯ ಮೇಲಿನಿಂದಲೇ ಬೆರಳಾಡಿಸಿ ಕ್ರೀಮನ್ನು ಸರಿಸಾಡಿ. ಒಣಗುವ ಮೊದಲೇ, ಗಂಟೆಗೊಮ್ಮೆ, ಒದ್ದೆ ಅರಿವೆಯಿಂದ ಒರೆಸಿ ಹೊಸದು ಹಚ್ಚಿ. ನಾಲ್ಕೈದು ಗಂಟೆಯ ದುಡಿಮೆ. ಕಾವಲು ಕೂರುವ ತಾಳ್ಮೆ ಇಲ್ಲದಿದ್ದರೆ ಕ್ರೀಮಿನ ಗೊಡವೆಗೆ ಹೋಗಬೇಡಿ. ಮುಗಿದ ಮೇಲೆ ಎರಡು ದಿನ ಪೂರ್ತಿ ಒಣಗುವವರೆಗೆ ಪ್ಲಗ್ ಹಾಕಬಾರದು.

ಸ್ವಿಚ್‌ಬೋರ್ಡು ಬಿಳಿ ಮಾಡಬಹುದೋ?

ಮೊದಲು ಹಳದಿ ಎಲ್ಲಿದೆ ನೋಡಿ. ಇಡೀ ಬೋರ್ಡು ಒಂದೇ ಸಮ ಹಳದಿಯಾಗಿದ್ದರೆ ಅದು ವಯಸ್ಸು. ಗೀಸರ್, ಇಸ್ತ್ರಿಪೆಟ್ಟಿಗೆ, ಮೋಟರಿನ ಸಾಕೆಟ್ಟಿನ ತೂತಿನ ಸುತ್ತ ಮಾತ್ರ ಕಂದು ಹಳದಿ ಇದ್ದರೆ ಅದು ಬೆಂದದ್ದು. ಒಳಗೆ ತಂತಿಯ ಸ್ಕ್ರೂ ಸಡಿಲಾಗಿದೆ ಅಥವಾ ಸಾಕೆಟ್ಟಿನ ಹಿಡಿತ ಸವೆದಿದೆ. ಅದನ್ನು ಬೆಳ್ಳಗೆ ಮಾಡಿದರೆ ಬೆಂಕಿಯ ಮುನ್ಸೂಚನೆಯನ್ನು ಒರೆಸಿ ಹಾಕಿದಂತೆ. ವೈರ್‌ಮನ್ ಕರೆಸಿ ಸಾಕೆಟ್ ಬದಲಿಸಿ.

ವಯಸ್ಸಿನ ಹಳದಿಗೂ ನಮ್ಮ ಸಲಹೆ, ಹೆಚ್ಚಿನ ಕಡೆ, ಬೇಡ ಎಂದೇ. ಹಳೆಯ ಬಿಳಿ ಸ್ವಿಚ್ಚುಗಳು ಯೂರಿಯಾ ಫಾರ್ಮಾಲ್ಡಿಹೈಡಿನವು: ಚೀನಿ ಬಟ್ಟಲಿನಂತೆ ಗಟ್ಟಿ, ಬಿದ್ದರೆ ಹಾಗೇ ಒಡೆಯುತ್ತವೆ, ಉಪ್ಪುನೀರಲ್ಲೂ ಮುಳುಗುತ್ತವೆ. ಅದರಲ್ಲಿ ಆ ರಬ್ಬರಿನ ಅಂಶವೇ ಇಲ್ಲ, ಹಾಗಾಗಿ ಈ ಉಪಾಯ ಅದಕ್ಕೆ ಹೇಳಿದ್ದಲ್ಲ. ಹೊಸ ಮಾಡ್ಯುಲರ್ ಸ್ವಿಚ್ಚುಗಳು ಬಹುಪಾಲು ಪಾಲಿಕಾರ್ಬೊನೇಟ್; ಅದರ ಹಳದಿಯೂ ಬೇರೆ ಕಾರಣದ್ದು. ಗೋಡೆಯ ಮೇಲಿನ ಪಿವಿಸಿ ಪಟ್ಟಿಗೂ ಇದೇ ಮಾತು. ಎಬಿಎಸ್ ಎಂದು ಗುರುತಿರುವ ಮುಂದಿನ ಪ್ಲೇಟು ಇದ್ದರೆ ಮಾತ್ರ ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಬರೀ ಪ್ಲೇಟನ್ನು ಬಿಚ್ಚಿ ಮುಳುಗಿಸಬಹುದು. ಸ್ವಿಚ್ಚನ್ನು, ಸಾಕೆಟ್ಟನ್ನು ಯಾವ ಕಾರಣಕ್ಕೂ ನೆನೆಸಬಾರದು. ಒಳಗಿನ ಹಿತ್ತಾಳೆ, ಸ್ಪ್ರಿಂಗು ಕೆಡುತ್ತವೆ. ಹೊಸ ಪ್ಲೇಟಿನ ಬೆಲೆ ಎರಡು ಬಾಟಲಿ ಪೆರಾಕ್ಸೈಡಿಗಿಂತ ಹೆಚ್ಚೇನಿಲ್ಲ.

ಬ್ಲೀಚಿಂಗ್ ಪೌಡರ್, ಟೂತ್‌ಪೇಸ್ಟ್, ಥಿನ್ನರ್ ಹಚ್ಚಿದ್ರ?

ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಈ ಹಳದಿಯನ್ನು ತೆಗೆಯುವುದಿಲ್ಲ, ಪ್ಲಾಸ್ಟಿಕ್ಕನ್ನು ಇನ್ನಷ್ಟು ಸವೆಸುತ್ತದೆ. ಟೂತ್‌ಪೇಸ್ಟು, ಅಡಿಗೆ ಸೋಡಾ ಹೊಳಪನ್ನು ಕೆರೆಯುತ್ತವೆ. ಆಮೇಲೆ ಆ ಗೀರುಗಳಲ್ಲಿ ಎಣ್ಣೆ ಕೂತು ಮೊದಲಿಗಿಂತ ಹೊಲಸು. ಥಿನ್ನರ್, ನೇಲ್‌ಪಾಲಿಶ್ ರಿಮೂವರ್ ಎಬಿಎಸ್ಸನ್ನೇ ಕರಗಿಸುತ್ತವೆ. ಪೆರಾಕ್ಸೈಡಿಗೆ ವಿನೆಗರ್ ಆಗಲಿ ಬ್ಲೀಚ್ ಆಗಲಿ ಬೆರೆಸುವುದು ಅಪಾಯ.

ಫ್ರಿಜ್ಜಿನ ಬಾಗಿಲಿನ ರಬ್ಬರ್ ಪಟ್ಟಿಗೂ ಪೆರಾಕ್ಸೈಡ್ ಬೇಡ, ಸೋಪಿನ ನೀರು ಸಾಕು. ಹೊರಬಾಗಿಲು ತಗಡಿನ ಮೇಲಿನ ಪೇಂಟು, ಅದರ ಹಳದಿಯ ಕತೆಯೇ ಬೇರೆ. ಪಾರದರ್ಶಕ ತರಕಾರಿ ಟ್ರೇ ಹಳದಿಯಾಗಿದ್ದರೆ ಅದಕ್ಕೆ ಈ ವಿಧಾನದಿಂದ ಹೆಚ್ಚು ಫಲವಿಲ್ಲ.

ಮತ್ತ ಹಳದಿ ಆಗ್ತದೇನು? ತಿನ್ನೋ ಸಾಮಾನು ಇಡಬಹುದೋ?

ಆಗುತ್ತದೆ. ರಬ್ಬರಿನ ಅಂಶ ಉಳಿದಿರುವವರೆಗೆ ಆಮ್ಲಜನಕ ತನ್ನ ಕೆಲಸ ಬಿಡುವುದಿಲ್ಲ. ಕೆಲವು ವಸ್ತು ವರ್ಷದೊಳಗೇ ಮಸುಕಾಗುತ್ತವೆ, ಕೆಲವು ಹಲವು ವರ್ಷ ನಿಲ್ಲುತ್ತವೆ. ಮತ್ತೆ ಮತ್ತೆ ಪೆರಾಕ್ಸೈಡಿಗೆ ಹಾಕಿದಷ್ಟೂ ಮೇಲ್ಪದರ ಬಡವಾಗುತ್ತದೆ. ಎರಡು ಸಲಕ್ಕಿಂತ ಹೆಚ್ಚು ಮಾಡುವ ಬದಲು ಹೊಸ ರ್‍ಯಾಕು ಹುಡುಕುವುದು ಒಳ್ಳೆಯದು.

ಪೆರಾಕ್ಸೈಡ್ ಒಡೆದರೆ ಉಳಿಯುವುದು ನೀರು ಮತ್ತು ಆಮ್ಲಜನಕ. ಮೂರು ನೀರಲ್ಲಿ ತೊಳೆದು ಒಂದು ದಿನ ಒಣಗಿಸಿದ ರ್‍ಯಾಕಿನಲ್ಲಿ ಹಾಲು, ತರಕಾರಿ ಇಡಬಹುದು. ಕ್ರೀಮಿನಲ್ಲಿ ಮಾತ್ರ ಬೇರೆ ವಸ್ತುಗಳೂ ಇರುತ್ತವೆ, ಆದ್ದರಿಂದ ಫ್ರಿಜ್ಜಿನ ಸಾಮಾನಿಗೆ ದ್ರಾವಣವೇ ಸರಿ.

ಉಳಿದ ದ್ರಾವಣ ಏನ ಮಾಡೋದು?

ಬಳಸಿದ್ದನ್ನು ಮೂಲ ಬಾಟಲಿಗೆ ಮರಳಿ ಸುರಿಯಬೇಡಿ. ಅದರೊಳಗಿನ ಕಸ ಉಳಿದ ಪೆರಾಕ್ಸೈಡನ್ನೂ ಕೆಡಿಸಿ, ಬಿಗಿ ಮುಚ್ಚಳದ ಬಾಟಲಿ ಉಬ್ಬಿ ಒಡೆಯಬಹುದು. ಎರಡು ದಿನದಲ್ಲಿ ಮತ್ತೆ ಬೇಕಿದ್ದರೆ ಟಬ್ಬಿನಲ್ಲೇ ನೆರಳಿಗಿಟ್ಟು ಮುಚ್ಚಿಡಿ. ಬೇಡವಾದರೆ ಒಂದಕ್ಕೆ ಹತ್ತರಷ್ಟು ನೀರು ಬೆರೆಸಿ ಬಚ್ಚಲಿಗೆ ಚೆಲ್ಲಿ. ಗಿಡದ ಬುಡಕ್ಕೆ ಬೇಡ. ಮುಚ್ಚಳ ತೆರೆಯದ ಬಾಟಲಿಗಳನ್ನು ಕತ್ತಲಿರುವ ತಂಪು ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.